ಅಪ್ಪಾಜಿಗೆ, ಹೊಸ ಫ್ಯಾಮಿಲಿ ಪ್ಯಾಕ್ ಬಗ್ಗೆ

ಅಪ್ಪಾಜಿ,

ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ಅಮ್ಮ ಮಧ್ಯೆ ಮಾತಾಡಿ ಹೋಗಿಬಿಡುತ್ತದೆ. ಅದಕ್ಕೇ ಬರೆದು, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಮಂಜು ಕೈಲಿ ಕಳಿಸಿದ್ದೇನೆ. ನಿಧಾನವಾಗಿ ಓದಿ. ಫೋನ್ ಇಡುವ ಕಪಾಟಿನಲ್ಲೇ ಇಟ್ಟುಕೊಳ್ಳಿ.

ಮೊದಲು ನಿಮ್ಮ ಮುಖ್ಯ ಚಿಂತೆಗೆ ಉತ್ತರ. ನಿಮ್ಮ ನಂಬರ್ ಬದಲಾಗುವುದಿಲ್ಲ. ಬ್ಯಾಂಕಿಗೆ, ಪಿಂಚಣಿಗೆ, ಗ್ಯಾಸ್‌ಗೆ, ಆಧಾರ್‌ಗೆ ಕೊಟ್ಟಿರುವ ಅದೇ ನಂಬರ್ ಮುಂದುವರಿಯುತ್ತದೆ. ಯಾರಿಗೂ ಹೊಸ ನಂಬರ್ ಹೇಳಿಕೊಂಡು ಓಡಾಡಬೇಕಿಲ್ಲ.

ಬದಲಾಗುವುದು ದುಡ್ಡು ಕಟ್ಟುವ ರೀತಿ. ಈಗ ನೀವು ಮೊದಲೇ ದುಡ್ಡು ಹಾಕಿ ಆಮೇಲೆ ಮಾತಾಡುತ್ತೀರಿ, ಅದು ಪ್ರೀಪೇಯ್ಡ್. ಇನ್ನು ಮುಂದೆ ತಿಂಗಳಿಡೀ ಬಳಸಿ ಆಮೇಲೆ ಬಿಲ್ ಕಟ್ಟುವುದು, ಅದು ಪೋಸ್ಟ್‌ಪೇಯ್ಡ್. ಮಂಡಿಯಲ್ಲಿ ಅಷ್ಟು ವರ್ಷ ಲೆಕ್ಕ ಬರೆದವರು ನೀವು, ಉದ್ರಿ ಖಾತೆ ಹೇಗಿರುತ್ತದೆ ಅಂತ ನಾನು ಹೇಳಬೇಕಾ? ಖಾತೆ ನನ್ನ ಹೆಸರಲ್ಲಿ ಒಂದೇ. ಅದರಡಿ ನೀವು, ಅಮ್ಮ, ಮಂಜು ಮೂವರೂ ಬಳಸಬಹುದು. ತಿಂಗಳ ಕೊನೆಗೆ ಲೆಕ್ಕ ಬರುವುದು ನನಗೆ. ಇಂತಿಷ್ಟರ ಮೇಲೆ ಉದ್ರಿ ಕೊಡಬೇಡಿ ಅಂತ ಮೊದಲೇ ಹೇಳಿಟ್ಟಿರುತ್ತೇನೆ. ಇಷ್ಟೇ ಇದರ ತಿರುಳು.

ನನ್ನದು ಮುಖ್ಯ ನಂಬರ್. ನಿಮ್ಮ ಮೂವರದು ಆಡ್-ಆನ್, ಅಂದರೆ ಅದಕ್ಕೆ ಸೇರಿಸಿದ ನಂಬರುಗಳು. ಆಡ್-ಆನ್ ಅಂದ ಮಾತ್ರಕ್ಕೆ ನಿಮ್ಮ ಫೋನ್ ನನ್ನ ಕೈಗೆ ಬಂತು ಅಂತಲ್ಲ. ನೀವು ಯಾರ ಹತ್ತಿರ ಏನು ಮಾತಾಡಿದಿರಿ, ಯಾವ ವಿಡಿಯೊ ನೋಡಿದಿರಿ ಅಂತ ನನಗೆ ಕೇಳಿಸುವುದೂ ಇಲ್ಲ, ಕಾಣುವುದೂ ಇಲ್ಲ. ಯಾರು ಎಷ್ಟು ಡೇಟಾ ಬಳಸಿದರು ಅನ್ನುವುದು ಮಾತ್ರ ನನ್ನ ಆ್ಯಪ್‌ನಲ್ಲಿ ಕಾಣುತ್ತದೆ. ಸಿಮ್ ನಿಮ್ಮ ಆಧಾರ್ ಮೇಲೆಯೇ ಇರಲಿ ಅಂತ ಕೇಳಿದ್ದೆ, ಅಂಗಡಿಯವರು ಆಗುತ್ತದೆ ಅಂದಿದ್ದಾರೆ. ಒಂದು ವಿಷಯ ಮಾತ್ರ ಮುಚ್ಚಿಡುವುದಿಲ್ಲ. ನಾನು ಬಿಲ್ ಕಟ್ಟುವುದು ತಪ್ಪಿಸಿದರೆ ನಾಲ್ವರ ಫೋನೂ ನಿಲ್ಲಬಹುದು. ಅದಕ್ಕೇ ನನ್ನ ಬ್ಯಾಂಕ್ ಖಾತೆಯಿಂದ ತಾನಾಗಿಯೇ ದುಡ್ಡು ಹೋಗುವ ಹಾಗೆ ಮಾಡಿದ್ದೇನೆ.

ಈಗ ಲೆಕ್ಕ. ನೀವು ಪೆನ್ನು ಹಿಡಿದು ಕೂತೇ ಇರುತ್ತೀರಿ ಅಂತ ಗೊತ್ತು.

ಮುಖ್ಯ ನಂಬರ್, ಜೊತೆಗೆ ಒಂದು ಆಡ್-ಆನ್: 699
ಇನ್ನೆರಡು ಆಡ್-ಆನ್, ತಲಾ 299: 598
ಒಟ್ಟು: 1,297
ಜಿಎಸ್‌ಟಿ ಶೇ 18: 233.46
ಕಟ್ಟುವುದು: 1,530.46

ನೀವು ಈಗ 28 ದಿನಕ್ಕೆ 349 ಹಾಕಿಸುತ್ತಿದ್ದೀರಿ. 28 ದಿನ ಅಂದರೆ ತಿಂಗಳಲ್ಲ. ವರ್ಷಕ್ಕೆ 12 ಅಲ್ಲ, 13 ಸಲ ರೀಚಾರ್ಜ್ ಆಗುತ್ತದೆ. ಹಾಗೆ ಲೆಕ್ಕ ಹಾಕಿದರೆ ನಿಮಗೆ ತಿಂಗಳಿಗೆ 378 ಬೀಳುತ್ತಿದೆ. ಮಂಜುಗೂ ಅಷ್ಟೇ. ಅಮ್ಮನ 299ರ ಪ್ಯಾಕ್ ತಿಂಗಳಿಗೆ 324 ಆಗುತ್ತದೆ. ನನ್ನ ಹಳೇ ಬಿಲ್ ತೆರಿಗೆ ಸೇರಿ 530. ಎಲ್ಲಾ ಕೂಡಿದರೆ 1,610. ಅಂದರೆ ಉಳಿಯುವುದು ತಿಂಗಳಿಗೆ 80 ರೂಪಾಯಿ. ದೊಡ್ಡ ಮೊತ್ತವೇನಲ್ಲ, ಒಪ್ಪುತ್ತೇನೆ. ನಾನು ಇದನ್ನು ಮಾಡುತ್ತಿರುವುದು ಆ 80 ರೂಪಾಯಿಗಲ್ಲ. ರೀಚಾರ್ಜ್ ಮುಗಿದದ್ದು ಗೊತ್ತಾಗದೆ ನಿಮ್ಮ ಫೋನ್ ನಿಂತುಹೋಗುವುದು, ಇಲ್ಲಿ ಚಿತ್ರದುರ್ಗದಲ್ಲಿ ನಾನು ಕಾಲ್ ಮಾಡಿ ಮಾಡಿ ಗಾಬರಿಯಾಗುವುದು, ಇದು ಮುಗಿಯಲಿ ಅಂತ.

ನಿಮ್ಮ ಪಾಲು ಕೊಟ್ಟೇ ಕೊಡುತ್ತೀರಿ ಅನ್ನುವುದೂ ಗೊತ್ತು. 299ಕ್ಕೆ ತೆರಿಗೆ ಸೇರಿ 353 ಆಗುತ್ತದೆ. ಅದನ್ನು ಅಮ್ಮನ ಕೈಗೆ ಕೊಡಿ, ನಾನು ಅವರ ಹತ್ತಿರ ಇಸಿದುಕೊಳ್ಳುತ್ತೇನೆ. ಇಸಿದುಕೊಳ್ಳುತ್ತೇನೋ ಇಲ್ಲವೋ ಅದು ನಮ್ಮಿಬ್ಬರ ವ್ಯವಹಾರ.

ಮೊದಲ ಬಿಲ್ ಮಾತ್ರ ಮೇಲಿನ ಲೆಕ್ಕಕ್ಕೆ ಸರಿಹೊಂದುವುದಿಲ್ಲ. ತಿಂಗಳ ಮಧ್ಯದಲ್ಲಿ ಸೇರುತ್ತಿರುವುದರಿಂದ ಅಷ್ಟು ದಿನಗಳ ಬಾಡಿಗೆಯನ್ನು ಬೇರೆಯಾಗಿ ಹಾಕಿರುತ್ತಾರೆ. ಎರಡನೇ ಬಿಲ್ಲಿನಿಂದ ಹೊಂದಿಸಿ ನೋಡಿ.

ಇನ್ನು ಡೇಟಾ, ಅಂದರೆ ನೆಟ್. ನಮ್ಮ ನಾಲ್ವರಿಗೂ ಸೇರಿ ತಿಂಗಳಿಗೆ 120 ಜಿಬಿ. ಈಗಿನ ಪ್ಯಾಕ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿ ಕೊಡುತ್ತಾರೆ, ಆ ದಿನ ಬಳಸದೆ ಉಳಿದದ್ದು ರಾತ್ರಿ 12ಕ್ಕೆ ಹೋಯಿತು. ಇದರಲ್ಲಿ ದಿನದ ಲೆಕ್ಕ ಇಲ್ಲ. ಒಂದು ದಿನ ಜಾಸ್ತಿ ನೋಡಿ, ಇನ್ನೊಂದು ದಿನ ಮುಟ್ಟಲೇಬೇಡಿ, ನಡೆಯುತ್ತದೆ. ತಿಂಗಳ ಕೊನೆಗೆ ಉಳಿದದ್ದು ಮುಂದಿನ ತಿಂಗಳಿಗೂ ಬರುತ್ತದೆ.

ಎಲ್ಲರದೂ ಒಂದೇ ಕಡೆ ಇದ್ದರೆ ಒಬ್ಬನೇ ಎಲ್ಲಾ ಖಾಲಿ ಮಾಡುತ್ತಾನಲ್ಲ ಅಂತ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಮಂಜುವಿನ ಫೋನ್ ಚಿನ್ನುಗೆ ಸಿಕ್ಕಿದರೆ ಕ್ರಿಕೆಟ್ ನೋಡಿ ನೋಡಿ ಹತ್ತು ದಿನದಲ್ಲಿ ಮುಗಿಸುತ್ತಾನೆ. ಅದಕ್ಕೇ ಒಬ್ಬೊಬ್ಬರಿಗೂ ಮಿತಿ ಹಾಕಿದ್ದೇನೆ. ನಿಮಗೆ 25 ಜಿಬಿ, ಅಮ್ಮನಿಗೆ 15, ಮಂಜುಗೆ 40, ನನಗೆ 40. ಅವರು ತಮ್ಮದು ಮುಗಿಸಿದರೆ ಅವರ ನೆಟ್ ನಿಧಾನವಾಗುತ್ತದೆ, ನಿಮ್ಮದಕ್ಕೆ ಕೈ ಹಾಕಲು ಆಗುವುದಿಲ್ಲ.

ಮೊದಲು 28 ದಿನಕ್ಕೆ 42 ಜಿಬಿ ಇತ್ತು, ಈಗ 25 ಆಯಿತಲ್ಲ ಅನ್ನುತ್ತೀರಿ. ಹೋದ ಸಲ ಬಂದಾಗ ನಿಮ್ಮ ಫೋನಿನಲ್ಲೇ ತೆಗೆದು ನೋಡಿದೆ. ಹಿಂದಿನ ತಿಂಗಳು ನೀವು ಬಳಸಿದ್ದು 11 ಜಿಬಿ. ಯೂಟ್ಯೂಬ್‌ನಲ್ಲಿ ಸಾಧಾರಣ ಗುಣಮಟ್ಟದಲ್ಲಿ ಒಂದು ಗಂಟೆ ಪ್ರವಚನ ನೋಡಿದರೆ ಹೆಚ್ಚುಕಮ್ಮಿ ಅರ್ಧ ಜಿಬಿ ಖರ್ಚು. ದಿನಾ ಒಂದೂವರೆ ಗಂಟೆ ನೋಡಿದರೂ 25ರೊಳಗೆ ಮುಗಿಯುತ್ತದೆ. ವಾಟ್ಸಾಪ್‌ನಲ್ಲಿ ಬರೆದು ಕಳಿಸುವುದು ಲೆಕ್ಕಕ್ಕೇ ಇಲ್ಲ. ವಿಡಿಯೊ ಕಾಲ್ ಮಾತ್ರ ಸ್ವಲ್ಪ ತಿನ್ನುತ್ತದೆ. ಮಹಡಿಯಲ್ಲಿ ಮಂಜುವಿನ ವೈಫೈ ಹಿಡಿದು ನೋಡಿದರೆ ಇದರಲ್ಲಿ ಒಂದು ಪೈಸೆಯಷ್ಟೂ ಕಡಿಮೆಯಾಗುವುದಿಲ್ಲ. ಒಂದು ವೇಳೆ ನಿಮ್ಮ 25 ಮುಗಿದರೂ ಕಾಲ್ ನಿಲ್ಲುವುದಿಲ್ಲ, ವಿಡಿಯೊ ಮಾತ್ರ ಸುತ್ತುತ್ತಾ ಕೂರುತ್ತದೆ. ನನಗೊಂದು ಕಾಲ್ ಮಾಡಿ, ಇಲ್ಲಿಂದಲೇ ಜಾಸ್ತಿ ಮಾಡುತ್ತೇನೆ.

ಖರ್ಚಿನ ಮಿತಿ ಬೇರೆ. ಮೇಲೆ ಹೇಳಿದ್ದು ಜಿಬಿಯ ಮಿತಿ, ಇದು ರೂಪಾಯಿಯ ಮಿತಿ. ಇಡೀ ಖಾತೆಗೆ 2,500 ರೂಪಾಯಿ. ಇದನ್ನು ಕ್ರೆಡಿಟ್ ಲಿಮಿಟ್ ಅನ್ನುತ್ತಾರೆ. 2,500 ಕಟ್ಟಬೇಕು ಅಂತ ಇದರ ಅರ್ಥ ಅಲ್ಲ, ಮೊನ್ನೆ ನೀವು ಹಾಗೇ ತಿಳಿದುಕೊಂಡು ಬೇಡವೇ ಬೇಡ ಅಂದಿರಿ. ಕಟ್ಟುವುದು ಅದೇ 1,530. ಏನಾದರೂ ಎಡವಟ್ಟಾಗಿ ಖರ್ಚು ಏರಿದರೆ 2,500ರ ಹತ್ತಿರ ತಡೆಯುವ ಬೇಲಿ ಅದು. ಮಿತಿಯ ಶೇ 80, ಅಂದರೆ 2,000 ಮುಟ್ಟಿದಾಗಲೇ ನನಗೆ ಮೆಸೇಜ್ ಬರುತ್ತದೆ. ಮಿತಿ ದಾಟಿದರೆ ಮೊದಲು ಹೊರಗೆ ಹೋಗುವ ಕಾಲ್ ತಡೆಹಿಡಿಯುತ್ತಾರೆ, ನಾನು ದುಡ್ಡು ಕಟ್ಟಿದ ಮೇಲೆ ಬಿಡುತ್ತಾರೆ.

ಎಡವಟ್ಟು ಹೇಗಾಗುತ್ತದೆ? ನಮ್ಮ ದೇಶದೊಳಗೆ ಎಷ್ಟು ಮಾತಾಡಿದರೂ ಜಾಸ್ತಿ ದುಡ್ಡಿಲ್ಲ. ದಾವಣಗೆರೆಯಿಂದ ದಿಲ್ಲಿಗೆ ಮಾಡಿದರೂ ಅಷ್ಟೇ, ಪಕ್ಕದ ಬೀದಿಗೆ ಮಾಡಿದರೂ ಅಷ್ಟೇ. ದುಡ್ಡು ಬೀಳುವುದು ಹೊರದೇಶದ ನಂಬರಿಗೆ ನೇರವಾಗಿ ಕಾಲ್ ಮಾಡಿದರೆ. ದುಬೈನಲ್ಲಿರುವ ಅಕ್ಕನ ಮಗಳಿಗೆ ಅಮ್ಮ ಮಾಡುವುದು ವಾಟ್ಸಾಪ್ ಕಾಲ್, ಅದಕ್ಕೆ ನೆಟ್ ಮಾತ್ರ ಸಾಕು, ಹಾಗೇ ಮುಂದುವರಿಸಲಿ. ಕೆಲವು ಸಲ ಪ್ಲಸ್ ಗುರುತಿನ ಮುಂದೆ 91 ಬಿಟ್ಟು ಬೇರೆ ಅಂಕಿ ಇರುವ ನಂಬರಿನಿಂದ ಒಂದೇ ರಿಂಗ್ ಬಂದು ನಿಲ್ಲುತ್ತದೆ. ಯಾರೋ ಪಾಪ ಅಂತ ನೀವು ವಾಪಸ್ ಮಾಡುತ್ತೀರಿ. ಅವರಿಗೆ ಬೇಕಾದದ್ದೂ ಅದೇ. ಯಾವುದಕ್ಕೂ ಇರಲಿ ಅಂತ ನಿಮ್ಮಿಬ್ಬರ ನಂಬರಿನಲ್ಲೂ ಹೊರದೇಶದ ಕಾಲ್ ಬಂದ್ ಮಾಡಿಸುತ್ತೇನೆ. ಬೇಕಾದಾಗ ತೆಗೆಸಬಹುದು.

ಇದಕ್ಕಿಂತ ನನಗೆ ಹೆದರಿಕೆ ಇರುವುದು ಮೋಸಗಾರರದು. ಪೋಸ್ಟ್‌ಪೇಯ್ಡ್ ಆದ ಮೇಲೆ ‘ನಿಮ್ಮ ಬಿಲ್ ಬಾಕಿ ಇದೆ, ಎರಡು ಗಂಟೆಯಲ್ಲಿ ಸಿಮ್ ಬಂದ್’ ಅಂತ ಯಾರಾದರೂ ಫೋನ್ ಮಾಡಿದರೆ ನಿಮಗೆ ನಿಜ ಅನ್ನಿಸಬಹುದು. ಬಿಲ್ ಬರುವುದು ನನಗೆ, ನಿಮಗಲ್ಲ. ಆದ್ದರಿಂದ ನಿಮ್ಮ ಹತ್ತಿರ ಬಿಲ್ ಕೇಳಿದವರು ಯಾರೇ ಇರಲಿ, ಮೋಸಗಾರರೇ. ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನಿಂದ ಮಾತಾಡುತ್ತಿದ್ದೇವೆ ಅಂತ ಹೆದರಿಸಿದರೂ ನಂಬಬೇಡಿ. ನಂಬರ್ ಬಂದ್ ಮಾಡುತ್ತೇವೆ ಅಂತ ಟ್ರಾಯ್ ಯಾರಿಗೂ ಕಾಲ್ ಮಾಡುವುದಿಲ್ಲ. ಮಾತು ಬೆಳೆಸದೆ ಫೋನ್ ಇಟ್ಟುಬಿಡಿ. ಮರ್ಯಾದೆ ನೋಡಬೇಡಿ, ಅಪ್ಪಾಜಿ, ನಿಮ್ಮ ತೊಂದರೆಯೇ ಅದು. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ, ಆಮೇಲೆ ನನಗೆ.

ಈಗ ಮಾಡಬೇಕಾದ ಕೆಲಸ. ಅಮ್ಮ ಮತ್ತು ಮಂಜು ಆಗಲೇ ನನ್ನ ಕಂಪನಿಯಲ್ಲೇ ಇದ್ದಾರೆ, ಅವರದು ಒಟಿಪಿ ಹೇಳಿದರೆ ಮುಗಿಯುತ್ತದೆ. ನಿಮ್ಮದು ಬೇರೆ ಕಂಪನಿ, ಆದ್ದರಿಂದ ಪೋರ್ಟ್ ಮಾಡಿಸಬೇಕು, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸಬೇಕು. ನಿಮ್ಮ ರೀಚಾರ್ಜ್ 18ಕ್ಕೆ ಮುಗಿಯುತ್ತದೆ. ಮುಗಿಯುವ ತನಕ ಕಾಯುವ ಹಾಗಿಲ್ಲ, ತೀರಾ ಮುಂಚೆಯೇ ಮಾಡಿಸಿದರೆ ಪ್ಯಾಕ್‌ನಲ್ಲಿ ಉಳಿದದ್ದು ಹೋಗುತ್ತದೆ. ಅದಕ್ಕೇ 14ನೇ ತಾರೀಖು ಅಂತ ಗೊತ್ತು ಮಾಡಿದ್ದೇನೆ. ಅವತ್ತು ಬೆಳಿಗ್ಗೆ ಮಂಜು ನಿಮ್ಮ ಫೋನಿನಿಂದ PORT ಅಂತ ಬರೆದು, ಒಂದು ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಕಳಿಸುತ್ತಾನೆ. ಎಂಟು ಅಕ್ಷರದ ಒಂದು ಕೋಡ್ ಬರುತ್ತದೆ. ಅದು ನಾಲ್ಕು ದಿನ ಮಾತ್ರ ನಡೆಯುತ್ತದೆ. ಆ ಕೋಡನ್ನು ಪಿ.ಜೆ. ಬಡಾವಣೆಯ ಅಂಗಡಿಯವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಬೇಡಿ. ಆಧಾರ್ ಕಾರ್ಡ್ ಜೇಬಿನಲ್ಲಿರಲಿ. ಅಲ್ಲಿ ಫೋಟೊ ತೆಗೆಯುತ್ತಾರೆ, ಹೊಸ ಸಿಮ್ ಕೊಡುತ್ತಾರೆ.

ಹೊಸ ಸಿಮ್ ಜೀವ ಪಡೆಯಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಹಳೇ ಸಿಮ್ ಫೋನಿನಲ್ಲೇ ಇರಲಿ. ಹಳೆಯದರ ಸಿಗ್ನಲ್ ಹೋದಾಗ ಮಂಜು ಹೊಸದನ್ನು ಹಾಕಿಕೊಡುತ್ತಾನೆ. ಸಿಮ್ ಬದಲಾದ್ದರಿಂದ ಫೋನ್‌ಪೇ ಮತ್ತೆ ನಿಮ್ಮ ನಂಬರ್ ಪರೀಕ್ಷೆ ಮಾಡುತ್ತದೆ. ಅದನ್ನು ನೀವೊಬ್ಬರೇ ಮಾಡಲು ಹೋಗಬೇಡಿ. ನಾನು ಆ ಭಾನುವಾರ ಬರುತ್ತೇನೆ, ಆಗ ಕೂತು ಮಾಡೋಣ. ಅಲ್ಲಿಯವರೆಗೆ ಸಂತೆಗೆ ಹೋಗುವಾಗ ಕೈಯಲ್ಲಿ ನೂರಿನ್ನೂರು ನಗದು ಇಟ್ಟುಕೊಳ್ಳಿ.

ಬಿಲ್ ಬಂದಾಗೆಲ್ಲ ನಿಮ್ಮ ವಾಟ್ಸಾಪ್‌ಗೂ ಹಾಕುತ್ತೇನೆ. 1,530ಕ್ಕಿಂತ ಒಂದು ರೂಪಾಯಿ ಜಾಸ್ತಿ ಕಂಡರೂ ಕೇಳಿ. ಕಂಪನಿಗೆ ದೂರು ಕೊಡುವ ನಂಬರ್ 198, ಆದರೆ ಮೊದಲು ನನಗೇ ಮಾಡಿ.

ನಿಮ್ಮ ಮಗಳು,
ಶೋಭಾ