ಜೂನ್ ತಿಂಗಳ ಸಾವುಗಳ ಪರಾಮರ್ಶೆ: ಸಭಾ ನಡವಳಿ

ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ, ತುಮಕೂರು ಜಿಲ್ಲೆ
10 ಜುಲೈ 2025, ಗುರುವಾರ, ಮಧ್ಯಾಹ್ನ 3ರಿಂದ 4.40

ಹಾಜರಿದ್ದವರು: ಆಡಳಿತ ವೈದ್ಯಾಧಿಕಾರಿ (ಅಧ್ಯಕ್ಷತೆ), ಫಿಸಿಷಿಯನ್, ಅರಿವಳಿಕೆ ತಜ್ಞರು, ಪ್ರಕರಣ 1ರ ರಾತ್ರಿಯ ಕರ್ತವ್ಯ ವೈದ್ಯರು, ಇಬ್ಬರು ಶುಶ್ರೂಷಾಧಿಕಾರಿಗಳು, ಫಾರ್ಮಸಿ ಅಧಿಕಾರಿ, 108 ಸಿಬ್ಬಂದಿ, ತಾಲ್ಲೂಕು ಆರೋಗ್ಯಾಧಿಕಾರಿ.

ರೋಗಿಗಳ ಹೆಸರನ್ನಾಗಲಿ, ಯಾರು ಯಾವ ಮಾತು ಆಡಿದರು ಎಂಬುದನ್ನಾಗಲಿ ಬರೆದಿಲ್ಲ. ಒಂದೇ ಸಂಗತಿಯನ್ನು ಮೂವರು ಹೇಳಿದ್ದರೆ ಒಮ್ಮೆ ಬರೆದಿದೆ. ಸಭೆಯಲ್ಲಿ ಒಮ್ಮತ ಮೂಡದ ಕಡೆ ಹಾಗೆಂದೇ ದಾಖಲಿಸಿದೆ.

ಪ್ರಕರಣ 1: ಮಹಿಳೆ, 34 ವರ್ಷ, ಕೃಷಿ ಕೂಲಿ

ತೋಟದ ಶೆಡ್ಡಿನಲ್ಲಿ ನೆಲದ ಮೇಲೆ ಮಲಗಿದ್ದವರು ರಾತ್ರಿ 2ರ ಸುಮಾರಿಗೆ ಹೊಟ್ಟೆನೋವೆಂದು ಎದ್ದರು. ಆಸ್ಪತ್ರೆಗೆ ಬಂದದ್ದು 3.40ಕ್ಕೆ. ಗ್ಯಾಸ್ಟ್ರಿಕ್ ಎಂದು ಚುಚ್ಚುಮದ್ದು ಕೊಟ್ಟು ವಾರ್ಡಿನಲ್ಲಿ ಇರಿಸಿಕೊಳ್ಳಲಾಯಿತು. 4.10ಕ್ಕೆ ಗಂಡ ಬಂದು ‘ಕಣ್ಣು ಬಿಡಲು ಆಗುತ್ತಿಲ್ಲವಂತೆ’ ಎಂದರು. ‘ರಾತ್ರಿಯೆಲ್ಲ ನಿದ್ದೆಯಿಲ್ಲ, ಮಲಗಲಿ ಬಿಡಿ’ ಎಂಬ ಉತ್ತರ ಸಿಕ್ಕಿತು. ಸಭೆ ಹೆಚ್ಚು ಹೊತ್ತು ನಿಂತದ್ದು ಈ ಮಾತಿನ ಮೇಲೆಯೇ.

4.50ಕ್ಕೆ ವೈದ್ಯರು ರೆಪ್ಪೆ ಜೋತುಬಿದ್ದಿರುವುದನ್ನು ಗಮನಿಸಿದರು, ಹಾವಿನ ಅನುಮಾನವೂ ಬಂತು. ಗಾಜಿನ ಕೊಳವೆಯಲ್ಲಿ ರಕ್ತ ತೆಗೆದು 20 ನಿಮಿಷ ಕಾದರು. ರಕ್ತ ಹೆಪ್ಪುಗಟ್ಟಿತು, ಹಾಗಾಗಿ ವಿಷವಿಲ್ಲವೆಂದು ಪ್ರತಿವಿಷವನ್ನು ತಡೆಹಿಡಿದರು. ಫಿಸಿಷಿಯನ್ ವಿವರಿಸಿದಂತೆ ಆ ಪರೀಕ್ಷೆ ಮಂಡಲದ ಹಾವಿನಂಥವು ರಕ್ತವನ್ನು ಕೆಡಿಸಿರುವುದನ್ನು ಪತ್ತೆ ಮಾಡುತ್ತದೆ. ಕಟ್ಟುಹಾವಿನ ವಿಷ ನರಗಳಿಗೆ ಹೋಗುತ್ತದೆ, ರಕ್ತ ಮಾಮೂಲಿನಂತೆ ಹೆಪ್ಪುಗಟ್ಟುತ್ತದೆ. ಕಡಿದ ಜಾಗದಲ್ಲಿ ಊತ, ನೋವು ಹೆಚ್ಚು ಇರುವುದಿಲ್ಲ. ಮಲಗಿದ್ದವರಿಗೆ ಕಡಿದದ್ದೇ ತಿಳಿಯದೆ ಹೊಟ್ಟೆನೋವೆಂದು ಏಳುವುದುಂಟು.

5.50ಕ್ಕೆ ಮಾತು ತೊದಲಿತು, ಎಂಜಲು ನುಂಗಲಾಗಲಿಲ್ಲ. ಪ್ರತಿವಿಷದ ಬಾಟಲಿಗಳಿದ್ದದ್ದು ಬೀಗ ಹಾಕಿದ ಉಗ್ರಾಣದಲ್ಲಿ, ಬೀಗದ ಕೈ ಫಾರ್ಮಸಿ ಅಧಿಕಾರಿಯ ಮನೆಯಲ್ಲಿ. 6.20ಕ್ಕೆ 10 ಬಾಟಲಿ ಶುರುವಾಯಿತು. 7.05ಕ್ಕೆ ಉಸಿರಿನ ಕೊಳವೆ ಹಾಕಿ, 7.30ಕ್ಕೆ 108ರಲ್ಲಿ ತುಮಕೂರಿಗೆ ಹೊರಡಿಸಲಾಯಿತು. ದಾರಿಯಲ್ಲಿ 8.25ಕ್ಕೆ ಹೃದಯ ನಿಂತಿತು.

ಸಾವಿನ ಕಾರಣ: ಉಸಿರಾಟದ ವೈಫಲ್ಯ, ಅದಕ್ಕೆ ಕಾರಣ ನರವಿಷದಿಂದ ಸ್ನಾಯುಗಳ ನಿಶ್ಶಕ್ತಿ, ಮೂಲ ಕಾರಣ ಹಾವಿನ ಕಡಿತ, ಬಹುಶಃ ಕಟ್ಟುಹಾವು. ಹಾವನ್ನು ಯಾರೂ ನೋಡಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಎಡಪಾದದಲ್ಲಿ ಎರಡು ಸಣ್ಣ ಗುರುತು ಕಂಡಿವೆ, ಪ್ರಯೋಗಾಲಯದ ವರದಿ ಬಂದಿಲ್ಲ. ಆದ್ದರಿಂದ ‘ಬಹುಶಃ’ ಎಂಬ ಪದವನ್ನು ತೆಗೆಯಬಾರದೆಂದು ಸಭೆ ತೀರ್ಮಾನಿಸಿತು.

ತಡೆಯಬಹುದಾಗಿದ್ದವು: ಗಂಡನ ಮಾತನ್ನು ಕೇಸ್ ಶೀಟಿನಲ್ಲಿ ಬರೆಯದೆ ಬಿಟ್ಟದ್ದು, ವೈದ್ಯರಿಗೆ ತಿಳಿಸದೆ ಇದ್ದದ್ದು (40 ನಿಮಿಷ). ಪರೀಕ್ಷೆಯ ಫಲವನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದು. ಇದು ಒಬ್ಬರ ತಪ್ಪಲ್ಲ, ಗೋಡೆಯ ಮೇಲಿನ ಚಾರ್ಟಿನಲ್ಲಿಯೇ ‘ಹೆಪ್ಪುಗಟ್ಟಿದರೆ ವಿಷವಿಲ್ಲ’ ಎಂದು ಬರೆದಿದೆ. ಬೀಗ (30 ನಿಮಿಷ). ಉಸಿರು ಸೋಲುವವರೆಗೆ ಅರಿವಳಿಕೆ ತಜ್ಞರನ್ನು ಕರೆಯದಿದ್ದದ್ದು. ಎಲ್ಲಕ್ಕಿಂತ ಭಾರವಾದದ್ದು ಕೊನೆಯದು: ನಿಶ್ಶಕ್ತಿ ಹಿಡಿದ ಮೇಲೆ ಕಟ್ಟುಹಾವಿನ ಕಡಿತದಲ್ಲಿ ಪ್ರತಿವಿಷ ಅದನ್ನು ಹಿಂದಿರುಗಿಸುವುದು ಕಷ್ಟ, ಜೀವ ಉಳಿಸುವುದು ಕೃತಕ ಉಸಿರು.

ನಿಯೋಸ್ಟಿಗ್ಮಿನ್ ಕೊಡದಿದ್ದದ್ದನ್ನೂ ಲೋಪವೆನ್ನಬೇಕೆಂಬ ಸಲಹೆ ಬಂತು. ನಾಗರಹಾವಿಗೆ ಅದು ಕೆಲಸ ಮಾಡುತ್ತದೆ, ಕಟ್ಟುಹಾವಿಗೆ ಅಷ್ಟಾಗಿ ಅಲ್ಲ ಎಂಬ ಕಾರಣಕ್ಕೆ ಪಟ್ಟಿಗೆ ಸೇರಿಸಿಲ್ಲ.

ಇತ್ಯರ್ಥವಾಗದ್ದು: ದಾರಿಯಲ್ಲಿ ಕೊಳವೆ ಜಾರಿತೇ, ಆಮ್ಲಜನಕ ಮುಗಿಯಿತೇ? 108 ಸಿಬ್ಬಂದಿ ಎರಡನ್ನೂ ಒಪ್ಪಲಿಲ್ಲ. ವಾಹನದಲ್ಲಿ 7.50ರ ನಂತರ ಆಮ್ಲಜನಕದ ಮಟ್ಟ ಬರೆದಿಲ್ಲವಾದ್ದರಿಂದ ತೀರ್ಮಾನಿಸಲು ಆಧಾರವಿಲ್ಲ.

ಪ್ರಕರಣ 2: ಪುರುಷ, 71 ವರ್ಷ

ಎದೆನೋವು ಶುರುವಾಗಿ 11 ಗಂಟೆಯ ಬಳಿಕ, ರಕ್ತದೊತ್ತಡ ಕುಸಿದ ಸ್ಥಿತಿಯಲ್ಲಿ ಬಂದರು. ಇಸಿಜಿಯಲ್ಲಿ ದೊಡ್ಡ ಹೃದಯಾಘಾತ. 50 ನಿಮಿಷದಲ್ಲಿ ಮರಣ. ಆಸ್ಪತ್ರೆಯೊಳಗೆ ತಡೆಯಬಹುದಾಗಿದ್ದ ಅಂಶ ಕಂಡುಬರಲಿಲ್ಲ. ಚರ್ಚೆ ಇಲ್ಲಿಗೇ ಮುಗಿಯಿತು.

ಕೈಗೊಳ್ಳಬೇಕಾದ ಕ್ರಮ

1. ಪ್ರತಿವಿಷದ 20 ಬಾಟಲಿ ತುರ್ತು ಚಿಕಿತ್ಸಾ ಕೊಠಡಿಯಲ್ಲಿಯೇ ಇರಬೇಕು. ಪಾಳಿ ಬದಲಾಗುವಾಗ ಎಣಿಸಿ ಸಹಿ ಹಾಕಬೇಕು. ಫಾರ್ಮಸಿ ಅಧಿಕಾರಿ, 14 ಜುಲೈ.
2. ಗೋಡೆಯ ಚಾರ್ಟ್ ಇಂದೇ ತೆಗೆಯುವುದು (ಸಭೆ ಮುಗಿಯುವ ಮುನ್ನವೇ ತೆಗೆದದ್ದಾಯಿತು). ಹೊಸದರಲ್ಲಿ ‘ರಾತ್ರಿ ನೆಲದ ಮೇಲೆ ಮಲಗಿದ್ದವರಿಗೆ ಹೊಟ್ಟೆನೋವು, ರೆಪ್ಪೆ ಭಾರ: ರಕ್ತ ಹೆಪ್ಪುಗಟ್ಟಿದರೂ ಕಟ್ಟುಹಾವನ್ನು ಶಂಕಿಸಿ’ ಎಂಬ ಸಾಲು ಮೇಲೆಯೇ ಇರಬೇಕು. ಫಿಸಿಷಿಯನ್, 18 ಜುಲೈ.
3. ರೆಪ್ಪೆ ಜೋತರೆ ತಕ್ಷಣ ಅರಿವಳಿಕೆ ತಜ್ಞರಿಗೆ ಕರೆ. ಶುಶ್ರೂಷಾಧಿಕಾರಿಯೂ ನೇರವಾಗಿ ಕರೆಯಬಹುದು, ಯಾರ ಅನುಮತಿಯೂ ಬೇಡ. ಆಡಳಿತ ವೈದ್ಯಾಧಿಕಾರಿ, ಇಂದಿನಿಂದ ಜಾರಿ.
4. ಉಸಿರಿನ ಕೊಳವೆ ಹಾಕಿದ ರೋಗಿಯ ಜೊತೆ ಅಂಬು ಬ್ಯಾಗ್ ಹಿಡಿಯಬಲ್ಲ ಸಿಬ್ಬಂದಿಯೊಬ್ಬರು ಹೋಗಬೇಕು; ಪ್ರತಿ 10 ನಿಮಿಷಕ್ಕೆ ಆಮ್ಲಜನಕದ ಮಟ್ಟ ಬರೆಯಬೇಕು. 108ರ ಜಿಲ್ಲಾ ಮೇಲ್ವಿಚಾರಕರಿಗೆ ಪತ್ರ, 16 ಜುಲೈ.
5. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ವರದಿ ಮಾಡುವುದು ಕಡ್ಡಾಯ; ಈ ಪ್ರಕರಣ ವರದಿಯಾಗಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿ, ನಾಳೆಯೊಳಗೆ.
6. ಮೃತರ ಗಂಡನಿಗೆ ನಡೆದದ್ದನ್ನು ಫಿಸಿಷಿಯನ್ ಮತ್ತು ಆಡಳಿತ ವೈದ್ಯಾಧಿಕಾರಿ ಖುದ್ದಾಗಿ ಹೋಗಿ ತಿಳಿಸುವುದು, 4.10ರ ಮಾತನ್ನೂ ಸೇರಿಸಿ. 20 ಜುಲೈ ಒಳಗೆ.

ಮುಂದಿನ ಸಭೆ: 14 ಆಗಸ್ಟ್. ಮೊದಲ ವಿಷಯ, ಮೇಲಿನ ಆರರಲ್ಲಿ ಆಗದೆ ಉಳಿದದ್ದು.