ಬ್ಯುರೆಟ್ ಹಿಡಿದ ಕೈ

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಏನೂ ತಿನ್ನುತ್ತಿರಲಿಲ್ಲ. ಪಿಯುಸಿಯಿಂದಲೂ ಹಾಗೇ. ಹೊಟ್ಟೆ ತುಂಬಿದರೆ ನಿದ್ದೆ ಬರುತ್ತೆ ಅನ್ನೋ ನಂಬಿಕೆ. ಮೈಸೂರಿನ ಹಾಸ್ಟೆಲ್ ಸೇರಿದ ಮೇಲೆ ಕೇಳೋಕೆ ಅಮ್ಮನೂ ಇಲ್ಲ. ಹಿಂದಿನ ರಾತ್ರಿಯ ಊಟಕ್ಕೂ ಚಕ್ಕರ್, ಬೆಳಿಗ್ಗೆ ಎರಡು ಲೋಟ ಕಾಫಿ, ಅಷ್ಟೇ.

ಮೂರನೇ ಸೆಮಿಸ್ಟರ್‌ನ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಟೈಟ್ರೇಷನ್ ಬಂತು, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದು ಎಷ್ಟು ಬೇಕು ಅಂತ ಹನಿಹನಿಯಾಗಿ ಬಿಟ್ಟು ಅಳೆಯುವುದು. ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆ್ಯಸಿಡ್, ಎರಡು ಹನಿ ಫಿನಾಫ್ತಲೀನ್, ಮೇಲೆ ಬ್ಯುರೆಟ್ ಅನ್ನೋ ನಲ್ಲಿಯಿರುವ ಅಳತೆಯ ಕೊಳವೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್. ತೆಳು ಗುಲಾಬಿ ಬಣ್ಣ ಕಂಡ ತಕ್ಷಣ ನಿಲ್ಲಿಸಬೇಕು. ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಬೆರಳು ನಡುಗುತ್ತಿದ್ದವು, ಅಂಗೈ ಬೆವರುತ್ತಿತ್ತು. ನಲ್ಲಿ ಸರಕ್ಕನೆ ತಿರುಗಿತು. ಫ್ಲಾಸ್ಕ್ ಬೀಟ್‌ರೂಟ್ ಪಲ್ಯದ ನೀರಿನಂತಾಯಿತು. ಎರಡನೇ ಸಲವೂ ಅದೇ. ಮೂರು ರೀಡಿಂಗ್, ಒಂದಕ್ಕೊಂದು ಸಂಬಂಧವೇ ಇಲ್ಲ.

ಹೊರಗೆ ಬಂದಾಗ ಅಮ್ಮ ಫೋನ್ ಮಾಡಿ ಹೇಗಾಯ್ತು ಅಂದರು. "ಸುಮ್ನೆ ತಲೆ ತಿನ್ಬೇಡಮ್ಮ" ಅಂತ ಕಿರುಚಿ ಕಟ್ ಮಾಡಿದೆ. ಅರ್ಧ ಗಂಟೆಯಲ್ಲಿ ಮೆಸ್ಸಿನ ಅನ್ನ ಸಾರು ಉಂಡೆ. ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಾಚಿಕೆ ಮಾತ್ರ ಉಳಿಯಿತು.

ತಮಾಷೆ ಏನೆಂದರೆ ಇದರ ಉತ್ತರ ನನ್ನ ಝೂವಾಲಜಿ ನೋಟ್ಸ್‌ನಲ್ಲೇ ಇತ್ತು. ಊಟವಿಲ್ಲದಾಗ ಲಿವರ್ ತಾನು ಕೂಡಿಟ್ಟ ಗ್ಲೈಕೋಜನ್ ಒಡೆದು ರಕ್ತಕ್ಕೆ ಸಕ್ಕರೆ ಕೊಡುತ್ತದೆ. ಆ ಗಂಟು ಕರಗುತ್ತಾ ಬಂದು ಸಕ್ಕರೆ ಇಳಿದರೆ ಅಡ್ರಿನಲಿನ್ ಏರುತ್ತದೆ. ನಡುಕ, ಬೆವರು, ಸಿಡುಕು. ಮೈತೂಕದಲ್ಲಿ ಶೇಕಡಾ 2ರಷ್ಟಿರುವ ಮೆದುಳು ನಮ್ಮ ಶಕ್ತಿಯಲ್ಲಿ ಶೇಕಡಾ 20ರಷ್ಟನ್ನು ಬಳಸುತ್ತದೆ ಅಂತಲೂ ಬರೆದುಕೊಂಡಿದ್ದೆ. ಇದನ್ನೇ ಐದು ಅಂಕದ ಪ್ರಶ್ನೆಗೆ ಬರೆದವಳು ನಾನು! ಮೇಲಿಂದ ಖಾಲಿ ಹೊಟ್ಟೆಗೆ ಕಾಫಿ ಬೇರೆ.

ಮುಂದಿನ ಸೆಮಿಸ್ಟರ್‌ಗೆ ಅಮ್ಮ ಒಂದು ಡಬ್ಬ ರಾಗಿ ಹುರಿಹಿಟ್ಟು ಕಳಿಸಿದರು. ಮೊದಲ ದಿನ ನಾಲ್ಕು ಚಮಚ ಗಂಟಲಲ್ಲಿ ಇಳಿಸುವುದೇ ಕಷ್ಟವಾಯಿತು, ಭಯಕ್ಕೆ ಹೊಟ್ಟೆಯೂ ಗಂಟುಕಟ್ಟಿರುತ್ತಲ್ವಾ. ಬಿಸಿ ಹಾಲು, ಬೆಲ್ಲ ಹಾಕಿ ಕಲಸಿ, ಓದುತ್ತಾ ಓದುತ್ತಾ ಮುಗಿಸಿದೆ. ಆಮೇಲೆ ರೂಢಿಯಾಯಿತು. ಕೆಲವು ದಿನ ಮೆಸ್ಸಿನ ಎರಡು ಇಡ್ಲಿ. ಮೂರು ಪೂರಿ ತಿಂದ ದಿನ ಮಾತ್ರ ನಿಜಕ್ಕೂ ತೂಕಡಿಸಿದೆ. ಹಾಗಾಗಿ ಹಳೆಯ ನಂಬಿಕೆ ಪೂರ್ತಿ ಸುಳ್ಳೇನಲ್ಲ. ರಾತ್ರಿ ಊಟ ಬಿಡುವುದನ್ನೂ ನಿಲ್ಲಿಸಿದೆ.

ಹಾಗಂತ ರ‍್ಯಾಂಕ್ ಬರಲಿಲ್ಲ. ಆರ್ಗ್ಯಾನಿಕ್ ಪೇಪರ್ ಈಗಲೂ ನನಗೆ ಕಬ್ಬಿಣದ ಕಡಲೆ. ಆದರೆ ಮೂರು ಗಂಟೆ ಮುಗಿಯುವವರೆಗೂ ಪ್ರಶ್ನೆ ಓದಿದರೆ ತಲೆಗೆ ಹತ್ತುತ್ತದೆ. ಈ ಸಲ ಪ್ರಾಕ್ಟಿಕಲ್‌ನಲ್ಲಿ ಮತ್ತೆ ಟೈಟ್ರೇಷನ್. ರೀಡಿಂಗ್ 9.8, 9.7, 9.8.

ಹೊರಗೆ ಬಂದು ನಾನೇ ಅಮ್ಮನಿಗೆ ಫೋನ್ ಮಾಡಿದೆ. ಎಲ್ಲಾ ಕೇಳಿಸಿಕೊಂಡು, "ಏನೇ, ಇವತ್ತು ಬೈಲೇ ಇಲ್ವಲ್ಲ?" ಅಂದರು.