ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆಗೆ ಮಂಜುವಿನ ಏಳು ದಿನದ ಪ್ಲ್ಯಾನ್

ಮಂಜು, ಮುಂದಿನ ಸೋಮವಾರ ಬೆಳಿಗ್ಗೆ ಪರೀಕ್ಷೆ. ಇವತ್ತು ಸೋಮವಾರ. ಓದಲು ಏಳು ದಿನ ಇದೆ. ನಿನ್ನ ನೋಟ್ಸ್ ನೋಡಿದೆ. ಥಿಯರಿ ಚೆನ್ನಾಗಿ ಬರೆದುಕೊಂಡಿದ್ದೀಯ, ಆದರೆ ಲೆಕ್ಕಗಳು ಅರ್ಧಕ್ಕೇ ನಿಂತಿವೆ. ಅದಕ್ಕೇ ಈ ಪ್ಲ್ಯಾನಿನಲ್ಲಿ ಲೆಕ್ಕಕ್ಕೆ ಜಾಸ್ತಿ ಹೊತ್ತು ಇಟ್ಟಿದ್ದೇನೆ. ದಿನಾ ಬೆಳಿಗ್ಗೆ 6ರಿಂದ 8 ಲೆಕ್ಕ, ಮಧ್ಯಾಹ್ನ ಥಿಯರಿ, ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಸೂತ್ರಗಳನ್ನು ನೋಡದೆ ಬರೆಯುವುದು.

ಸೋಮವಾರ: ದ್ರವದ ಗುಣಗಳು. ಸಾಂದ್ರತೆ, ಸ್ಪೆಸಿಫಿಕ್ ಗ್ರಾವಿಟಿ, ವಿಸ್ಕಾಸಿಟಿ, ಸರ್ಫೇಸ್ ಟೆನ್ಷನ್, ಕ್ಯಾಪಿಲ್ಲಾರಿಟಿ. ಎರಡು ಅಂಕದ ಪ್ರಶ್ನೆಗಳು ಬರುವುದು ಇಲ್ಲಿಂದಲೇ. ಯೂನಿಟ್ ಸಮೇತ ಕಲಿ: 1 ಪಾಯ್ಸ್ ಅಂದರೆ 0.1 N·s/m², 1 ಸ್ಟೋಕ್ಸ್ ಅಂದರೆ 10⁻⁴ m²/s. ಮಧ್ಯಾಹ್ನಕ್ಕೆ ಮುಗಿಸು, ಇದರಲ್ಲೇ ಇಡೀ ದಿನ ಕಳೆಯಬೇಡ.

ಮಂಗಳವಾರ: ಒತ್ತಡ ಮತ್ತು ಮ್ಯಾನೋಮೀಟರ್. ಇಲ್ಲಿ ನಿಧಾನಕ್ಕೆ ಹೋಗು. ಮ್ಯಾನೋಮೀಟರಿಗೆ ಸೂತ್ರ ಉರು ಹೊಡೆಯುವುದು ಬೇಡ. ಚಿತ್ರ ಬರೆ. ಒಂದು ತುದಿಯಿಂದ ಹೊರಡು. ಕೆಳಗೆ ಇಳಿದರೆ ಕೂಡಿಸು, ಮೇಲೆ ಹತ್ತಿದರೆ ಕಳೆ. ಒಂದೇ ದ್ರವ ಕಡಿಯದೆ ಹರಡಿದ್ದರೆ ಒಂದೇ ಮಟ್ಟದಲ್ಲಿ ಒತ್ತಡ ಸಮ. ಇಷ್ಟು ಗೊತ್ತಿದ್ದರೆ ಯಾವ ಚಿತ್ರ ಕೊಟ್ಟರೂ ದಾರಿ ಸಿಗುತ್ತದೆ. ಪಾದರಸದ ಡಿಫರೆನ್ಷಿಯಲ್ ಮ್ಯಾನೋಮೀಟರಿನಲ್ಲಿ ರೀಡಿಂಗ್ x ಇದ್ದು, ಪೈಪಿನಲ್ಲಿ ನೀರಿದ್ದರೆ h = 12.6x. ಅದೇ 0.8 ಸ್ಪೆಸಿಫಿಕ್ ಗ್ರಾವಿಟಿಯ ಎಣ್ಣೆ ಇದ್ದರೆ h = 16x. ಎರಡೂ ಹೇಗೆ ಬಂದವು ಅಂತ ನೀನೇ ಬರೆದು ನೋಡು. ಎಣ್ಣೆ ಅಂತ ಕೊಟ್ಟಾಗಲೂ 12.6 ಹಾಕಿದರೆ ಇಡೀ ಲೆಕ್ಕ ತಪ್ಪುತ್ತದೆ.

ಬುಧವಾರ: ಮುಳುಗಿದ ಪ್ಲೇಟಿನ ಮೇಲಿನ ಬಲ. ಬರೀ ಲಂಬ ಮತ್ತು ಓರೆ ಪ್ಲೇಟ್ ಸಾಕು. 2 ಮೀಟರ್ ಅಗಲ, 3 ಮೀಟರ್ ಆಳದ ಆಯತಾಕಾರದ ಲಂಬ ಪ್ಲೇಟಿನ ಮೇಲಂಚು ನೀರಿನ ಮಟ್ಟದಲ್ಲಿದ್ದರೆ ಬಲ 88.29 kN, ಸೆಂಟರ್ ಆಫ್ ಪ್ರೆಷರ್ 2 ಮೀಟರ್ ಆಳದಲ್ಲಿ. ಈ ಉತ್ತರ ಬರುವ ತನಕ ಮಾಡು. ಸೆಂಟರ್ ಆಫ್ ಪ್ರೆಷರ್ ಯಾವಾಗಲೂ ಸೆಂಟ್ರಾಯ್ಡಿಗಿಂತ ಕೆಳಗೇ ಬರಬೇಕು. ಮೇಲೆ ಬಂದರೆ ಎಲ್ಲೋ ತಪ್ಪಾಗಿದೆ ಅಂತಲೇ ಲೆಕ್ಕ.

ಗುರುವಾರ, ಶುಕ್ರವಾರ: ಬರ್ನೌಲಿ ಮತ್ತು ಹರಿವಿನ ಅಳತೆ. ವಾರದ ಮುಖ್ಯ ದಿನಗಳು ಇವೆರಡೇ. ಗುರುವಾರ ಬೆಳಿಗ್ಗೆ ಕಂಟಿನ್ಯುಟಿ ಸಮೀಕರಣ. ಆಮೇಲೆ ಬರ್ನೌಲಿ ಡಿರೈವೇಶನ್ನನ್ನು ಪುಸ್ತಕ ಮುಚ್ಚಿ ಮೂರು ಸಲ ಬರೆ. ಹರಿವು ಸ್ಟೆಡಿ, ದ್ರವ ಇನ್‌ಕಂಪ್ರೆಸಿಬಲ್, ಘರ್ಷಣೆ ಇಲ್ಲ, ಒಂದೇ ಸ್ಟ್ರೀಮ್‌ಲೈನ್ ಮೇಲೆ ಅನ್ನುವ ಊಹೆಗಳನ್ನು ಮೊದಲೇ ಬರೆ. ಅವಕ್ಕೂ ಅಂಕ ಇರುತ್ತದೆ, ಅವಸರದಲ್ಲಿ ಬಿಟ್ಟುಬಿಡಬೇಡ.

ಶುಕ್ರವಾರ ವೆಂಚುರಿಮೀಟರ್. ಈ ಲೆಕ್ಕ ಮಾಡು: 200 ಮಿಮೀ ಪೈಪ್, 100 ಮಿಮೀ ಥ್ರೋಟ್, ಅಡ್ಡಲಾಗಿ ಇಟ್ಟಿದೆ, ನೀರು ಹರಿಯುತ್ತಿದೆ, ಪಾದರಸದ ರೀಡಿಂಗ್ 180 ಮಿಮೀ, Cd 0.98.

```
h = 0.18 × 12.6 = 2.268 m
a1 = 0.03142 m², a2 = 0.00785 m²
Q = Cd·a1·a2·√(2gh) / √(a1² − a2²)
Q ≈ 0.053 m³/s
```

ಅಂದರೆ ಸೆಕೆಂಡಿಗೆ ಸುಮಾರು 53 ಲೀಟರ್. ಮಿಲಿಮೀಟರನ್ನು ಮೀಟರ್ ಮಾಡಿಕೊಂಡೇ ಸೂತ್ರಕ್ಕೆ ಹಾಕು. ಸಂಜೆ ಆರಿಫೈಸ್ ಮತ್ತು ನಾಚ್. Cd = Cc × Cv ನೆನಪಿರಲಿ. ಆಯತಾಕಾರದ ನಾಚಿನಲ್ಲಿ H ಮೇಲಿನ ಘಾತ 3/2, ವಿ-ನಾಚಿನಲ್ಲಿ 5/2.

ಶನಿವಾರ: ಪೈಪಿನಲ್ಲಿ ಹರಿವು. ರೇನಾಲ್ಡ್ಸ್ ಸಂಖ್ಯೆ 2000ಕ್ಕಿಂತ ಕಡಿಮೆ ಇದ್ದರೆ ಲ್ಯಾಮಿನಾರ್, 4000 ದಾಟಿದರೆ ಟರ್ಬುಲೆಂಟ್. ಡಾರ್ಸಿ ಸೂತ್ರ ಕೆಲವು ಪುಸ್ತಕದಲ್ಲಿ hf = 4fLV²/2gd ಅಂತಿದೆ, ಕೆಲವದರಲ್ಲಿ 4 ಇಲ್ಲ. ಎರಡರ f ಬೇರೆ ಬೇರೆ: 4 ಇರುವ ಸೂತ್ರದಲ್ಲಿ ಲ್ಯಾಮಿನಾರ್ ಹರಿವಿಗೆ f = 16/Re, 4 ಇಲ್ಲದ್ದರಲ್ಲಿ 64/Re. ನಿಮ್ಮ ಕ್ಲಾಸಿನಲ್ಲಿ 4 ಇರುವುದನ್ನೇ ಹೇಳಿಕೊಟ್ಟಿದ್ದಾರೆ, ಅದನ್ನೇ ಹಿಡಿದುಕೋ. L = 300 ಮೀ, d = 0.2 ಮೀ, V = 2 ಮೀ/ಸೆ, f = 0.005 ಹಾಕಿದರೆ hf ಸುಮಾರು 6.12 ಮೀಟರ್ ಬರಬೇಕು. ಮೈನರ್ ನಷ್ಟಗಳನ್ನೂ, ಹೈಡ್ರಾಲಿಕ್ ಗ್ರೇಡಿಯಂಟ್ ಲೈನ್ ಚಿತ್ರವನ್ನೂ ಸಂಜೆ ನೋಡು. ವಾಟರ್ ಹ್ಯಾಮರ್ ಒಂದು ಪ್ಯಾರಾ ಬರೆಯಲು ಬಂದರೆ ಸಾಕು.

ಭಾನುವಾರ: ಹಳೇ ಪ್ರಶ್ನೆಪತ್ರಿಕೆ. ಬೆಳಿಗ್ಗೆ ಒಂದು ಪೂರ್ತಿ ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆ, ಮಧ್ಯೆ ಏಳಬೇಡ, ಫೋನನ್ನು ಅಮ್ಮನ ಹತ್ತಿರ ಕೊಡು. ಮಧ್ಯಾಹ್ನ ತಪ್ಪಾದವನ್ನು ಮಾತ್ರ ಮತ್ತೆ ಮಾಡು. ಗೊತ್ತಾಗದ್ದು ಇದ್ದರೆ 4 ಗಂಟೆಗೆ ನನಗೆ ಫೋನ್ ಮಾಡು, ರಜೆ ಇದೆ, ಜೊತೆಯಲ್ಲೇ ಬಿಡಿಸೋಣ. ಸಂಜೆ ಆದಮೇಲೆ ಹೊಸದೇನೂ ಓದಬೇಡ. ಹಾಲ್ ಟಿಕೆಟ್, ಕ್ಯಾಲ್ಕುಲೇಟರ್, ಎರಡು ಪೆನ್, ಪೆನ್ಸಿಲ್, ಸ್ಕೇಲು ಬ್ಯಾಗಿಗೆ ಹಾಕಿ 10 ಗಂಟೆಗೆ ಮಲಗು.

ಪರೀಕ್ಷೆಯಲ್ಲಿ ಲೆಕ್ಕ ಪೂರ್ತಿ ಬರದಿದ್ದರೂ ಕೊಟ್ಟಿರುವ ಅಂಶಗಳು, ಚಿತ್ರ, ಸೂತ್ರ ಬರೆದು ಬಾ, ಖಾಲಿ ಬಿಡಬೇಡ. ಇವತ್ತಿನ ವಿಸ್ಕಾಸಿಟಿ ಲೆಕ್ಕ ಮುಗಿದ ಕೂಡಲೇ ಅದರ ಫೋಟೋ ಕಳಿಸು.

— ಅಕ್ಕ